ಚಟ್ನಿ ಈಗ ಬರುತ್ತೆ

ಇಡ್ಲಿ ಬಂದು ಆರು ನಿಮಿಷ ಆಗಿತ್ತು. ಚಟ್ನಿ ಬಂದಿರಲಿಲ್ಲ. ಹುಡುಗನನ್ನು ಮೂರು ಸಲ ಕರೆದೆ. ಮೂರು ಸಲವೂ ಅವನು ನನ್ನ ಮುಖ ನೋಡದೆ, ಪಕ್ಕದ ಮೇಜು ಒರೆಸುತ್ತಾ, "ಚಟ್ನಿ ಈಗ ಬರುತ್ತೆ ಸಾರ್, ರುಬ್ತಾ ಇದಾರೆ" ಅಂದ. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಹೆದ್ದಾರಿ ಪಕ್ಕದಲ್ಲಿ ಸಾಲಾಗಿ ಸಿಗುವ ಹೋಟೆಲುಗಳಲ್ಲಿ ಅದೂ ಒಂದು. ಹೊರಗೆ ನೂರು ಕಾರು ನಿಲ್ಲುವಷ್ಟು ಜಾಗ, ಮಕ್ಕಳಿಗೆ ಜಾರುಬಂಡೆ, ಒಳಗೆ ಮಿಣಮಿಣ ದೀಪ. ಇಷ್ಟೆಲ್ಲ ಮಾಡಿಸುವವರಿಗೆ ಒಂದು ಬಟ್ಟಲು ಚಟ್ನಿ ಮೊದಲೇ ರುಬ್ಬಿ ಇಡೋಕೆ ಆಗಲ್ವಾ?

ಈ ಮಾತು ಬಾಯಿಗೆ ಬಂದದ್ದೇ ದೊಡ್ಡಪ್ಪನ ನೆನಪಾಯಿತು. ಇದೇ ರಸ್ತೆಯಲ್ಲಿ, ಇದಕ್ಕೆ ಎನ್.ಎಚ್. 48 ಅಂತ ಹೊಸ ನಂಬರು ಬರುವುದಕ್ಕೆ ಎಷ್ಟೋ ಮುಂಚೆ, ಇನ್ನೂ ಎನ್.ಎಚ್. 4 ಆಗಿದ್ದಾಗ, ಚಟ್ನಿಯನ್ನು ಮೊದಲೇ ರುಬ್ಬಿ ಇಟ್ಟವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ಅಡುಗೆ ಭಟ್ಟರು. ಮದುವೆ, ಮುಂಜಿ, ವೈಕುಂಠ ಸಮಾರಾಧನೆ ಯಾವುದಾದರೂ ಸರಿ, ಎಲೆ ಎಷ್ಟು ಅಂತ ಒಂದು ಮಾತು ಕೇಳಿದರೆ ಸಾಕು, ಸಾಮಾನಿನ ಪಟ್ಟಿ ಬಾಯಲ್ಲೇ ಹೇಳುತ್ತಿದ್ದರು. ನೂರು ಎಲೆಗೆ ಹತ್ತು ಕೆ.ಜಿ. ಅಕ್ಕಿ, ಮೂರು ಕೆ.ಜಿ. ಬೇಳೆ. ಹುಳಿ ಉಳಿಯುತ್ತಿರಲಿಲ್ಲ, ಸಾಲದೆ ಬರುತ್ತಲೂ ಇರಲಿಲ್ಲ. ಒಂದು ಮದುವೆಯಲ್ಲಿ ಆ ಹುಳಿ ಉಂಡ ಹೆದ್ದಾರಿ ಹೋಟೆಲಿನ ಮಾಲೀಕರೊಬ್ಬರು ಕೈ ತೊಳೆದು ನೇರ ಒಲೆ ಹತ್ತಿರ ಬಂದರು. ಅವರ ಅಡುಗೆಯವನು ಹಿಂದಿನ ವಾರವಷ್ಟೇ ಜಗಳ ಆಡಿ ಹೋಗಿದ್ದ. ಎಂಟುನೂರು ಎಲೆಗೆ ಅಡುಗೆ ಮಾಡುವ ಮನುಷ್ಯ ಹೋಟೆಲ್ ನಡೆಸಲಾರನೇ ಅಂತ ಅವರ ಲೆಕ್ಕ. ದೊಡ್ಡಪ್ಪನ ಲೆಕ್ಕವೂ ಅದೇ ಆಗಿತ್ತು. 1996ರ ಏಪ್ರಿಲ್. ನನಗೆ ಏಳನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಈರುಳ್ಳಿ ಸುಲಿಯೋಕೆ ಆಗ್ತಾನೆ ಅಂತ ನನ್ನನ್ನೂ ಕರೆದುಕೊಂಡು ಹೋದರು.

ಹೋದ ದಿನ ಮಧ್ಯಾಹ್ನವೇ ಹಿಟ್ಟಿನ ಕೆಲಸ ಶುರುವಾಯಿತು. ಒಂದು ಪಾಲು ಉದ್ದು, ಮೂರು ಪಾಲು ಇಡ್ಲಿ ಅಕ್ಕಿ. ಅದರಲ್ಲಿ ತಪ್ಪಿರಲಿಲ್ಲ. ಆದರೆ ದೊಡ್ಡಪ್ಪ ಕಂಡಿದ್ದು ಕೈಯಲ್ಲಿ ತಿರುಗಿಸುವ ಒರಳು. ಇಲ್ಲಿ ಮೋಟಾರಿನ ಗ್ರೈಂಡರ್. ಕಲ್ಲು ಗಂಟೆಗಟ್ಟಲೆ ತಿರುಗಿದರೆ ಹಿಟ್ಟು ಬೆಚ್ಚಗಾಗುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಐಸ್ ನೀರು ಹಾಕಿ ರುಬ್ಬುತ್ತಾರೆ. ಗ್ರೈಂಡರ್ ಹುಡುಗ ಐಸಿನ ತುಂಡು ತಂದರೆ ದೊಡ್ಡಪ್ಪ, "ಹಿಟ್ಟಿಗೆ ಶೀತ ಆಗ್ತದೆ ಮಾರಾಯ, ತೆಗಿ" ಅಂದರು. ಉಪ್ಪು ತಂದರೆ "ಬೆಳಿಗ್ಗೆ ಹಾಕಿದ್ರಾಯ್ತು" ಅಂದರು. ನಮ್ಮ ಊರಿನ ಕ್ರಮವೇ ಅದು. ಮಳೆಗಾಲದಲ್ಲಿ, ಚಳಿಯಲ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಉಪ್ಪು ಮೊದಲೇ ಬಿದ್ದರೆ ಇನ್ನೂ ನಿಧಾನ. ಪಾತ್ರೆಗೆ ಕಂಬಳಿ ಸುತ್ತಿ, ಒಲೆ ಪಕ್ಕ ಇಟ್ಟು, ದೇವರಿಗೆ ಕೈ ಮುಗಿದು ಮಲಗಬೇಕು. ಅವತ್ತೂ ದೊಡ್ಡಪ್ಪ ಎರಡು ದೊಡ್ಡ ಕೊಳಗಗಳಲ್ಲಿ ಮುಕ್ಕಾಲು ಮಟ್ಟ ಹಿಟ್ಟು ತುಂಬಿ, ಒಲೆ ಪಕ್ಕ ಇಟ್ಟು ಮಲಗಿದರು. ಕಂಬಳಿ ಸಿಗಲಿಲ್ಲ, ಅದೊಂದು ಪುಣ್ಯ.

ಬಿಸಿಲು ಸೀಮೆಯ ಕ್ರಮ ಪೂರ್ತಿ ಉಲ್ಟಾ. ರುಬ್ಬಿದ ಕೂಡಲೇ ಉಪ್ಪು ಹಾಕಿ ಹಿಟ್ಟಿನ ಓಟ ತಡೆಯುತ್ತಾರೆ. ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ ಬಿಡುತ್ತಾರೆ. ಒಲೆಯಿಂದ ದೂರ, ತಣ್ಣನೆ ನೆಲದ ಮೇಲೆ ಇಡುತ್ತಾರೆ. ಇದನ್ನು ನನಗೆ ಹೇಳಿದವನು ಅದೇ ಗ್ರೈಂಡರ್ ಹುಡುಗ, ಬೆಳಗಿನ ಜಾವ ಮೂರು ಗಂಟೆಗೆ, ನೆಲದ ಮೇಲೆ ಹರಿಯುತ್ತಿದ್ದ ಹಿಟ್ಟನ್ನು ನಾವಿಬ್ಬರೂ ತಗಡಿನಲ್ಲಿ ಬಾಚುತ್ತಿದ್ದಾಗ. ವಾಸನೆಯೇ ಹೇಳುತ್ತಿತ್ತು. ಹದವಾಗಿ ಹುದುಗಿದ ಹಿಟ್ಟಿಗೆ ತೆಳ್ಳಗಿನ ಮಜ್ಜಿಗೆಯ ಪರಿಮಳ. ಇದು ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಿತ್ತು. ದೊಡ್ಡಪ್ಪ ಗಾಬರಿಯಲ್ಲಿ ಉಳಿದ ಹಿಟ್ಟನ್ನು ಸಟ್ಟುಗ ಹಾಕಿ ಗರಗರ ತಿರುಗಿಸಿದರು. ಒಳಗಿದ್ದ ಗಾಳಿಯೆಲ್ಲ ಹೋಯಿತು. ಮೊದಲ ತಟ್ಟೆ ಇಡ್ಲಿ ಬೆಂದು ಇಳಿದಾಗ ಅವು ಇಡ್ಲಿ ಅನ್ನುವುದಕ್ಕಿಂತ ಚಪ್ಪಟೆ ಬಿಲ್ಲೆಗಳಾಗಿದ್ದವು.

ಆದರೆ ಕೈ ಅನುಭವದ ಕೈ. ದೊಡ್ಡಪ್ಪ ಎರಡು ನಿಮಿಷ ಸೊಂಟಕ್ಕೆ ಕೈ ಇಟ್ಟು ನಿಂತರು. ಆಮೇಲೆ ಇಡ್ಲಿ ಪಾತ್ರೆ ಪಕ್ಕಕ್ಕೆ ಸರಿಸಿ, ಬಾಣಲೆ ಏರಿಸಿ, ಮೊದಲ ಬಸ್ಸಿಗೆ ಉಪ್ಪಿಟ್ಟು ಇಳಿಸಿದರು. ಹುಳಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸುರಿದು ದಪ್ಪ ದೋಸೆ ಹೊಯ್ಯಿಸಿದರು. ಮೊದಲ ನಾಲ್ಕು ದೋಸೆ ಎಷ್ಟು ಬೇಯಿಸಿದರೂ ಬೆಳ್ಳಗೇ ಉಳಿದವು. ಹುಳಿ ಜಾಸ್ತಿಯಾದ ಹಿಟ್ಟಿನಲ್ಲಿ ಸಿಹಿಯ ಅಂಶ ಖರ್ಚಾಗಿ ಹೋಗಿರುತ್ತದೆ, ಅದಕ್ಕೇ ಕೆಂಪು ಬಣ್ಣ ಬರುವುದಿಲ್ಲ. ಒಂದು ಹಿಡಿ ಸಕ್ಕರೆ ಬಿತ್ತು. ಐದನೇ ದೋಸೆ ಕೆಂಪಾಯಿತು. ಮಾಲೀಕರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ "ಇಂದಿನ ಸ್ಪೆಷಲ್: ಮಲೆನಾಡು ಈರುಳ್ಳಿ ದೋಸೆ" ಅಂತ ಬರೆದರು. ನಾನು ಅಲ್ಲಿಯವರೆಗೆ ಮಲೆನಾಡಿನಲ್ಲಿ ಅಂಥ ದೋಸೆ ತಿಂದಿರಲಿಲ್ಲ.

ಒಂಬತ್ತು ಗಂಟೆಗೆ ಮೂರು ಬಸ್ಸು ಒಟ್ಟಿಗೆ ಬಂದವು. ಒಂದೊಂದರಲ್ಲಿ ಐವತ್ತು ಜನ, ನಿಲ್ಲುವುದು ಇಪ್ಪತ್ತು ನಿಮಿಷ. ಗಲಾಟೆ ಕೇಳಿ ದೊಡ್ಡಪ್ಪನ ಮುಖ ಅರಳಿತು. ನೂರೈವತ್ತು ಎಲೆ ಅವರಿಗೆ ಯಾವ ಮಹಾ! ಆದರೆ ಬಾಗಿಲಲ್ಲಿ ಸಪ್ಲೈಯರ್ ಕೂಗಿದ: "ಎರಡು ಮಸಾಲೆ, ಒಂದು ಖಾಲಿ, ಮಸಾಲೇಲಿ ಒಂದಕ್ಕೆ ಈರುಳ್ಳಿ ಬೇಡ, ನಾಲ್ಕು ಕಾಫಿ, ಒಂದಕ್ಕೆ ಸಕ್ಕರೆ ಇಲ್ಲ!" ಇನ್ನೊಬ್ಬ ಕೂಗಿದ. ಮತ್ತೊಬ್ಬ. ದೊಡ್ಡಪ್ಪ ಕೈ ಒರೆಸಿಕೊಂಡು ಸೀದಾ ಹೊರಗೆ ಬಂದರು. ಹಾಲಿನ ನಡುವೆ ನಿಂತು, ಮದುವೆಮನೆಯ ದನಿಯಲ್ಲಿ, "ಎಲ್ಲರೂ ಕೂತ್ಕೊಳ್ಳಿ. ಗಡಿಬಿಡಿ ಬೇಡ. ಈ ಕಡೆಯಿಂದ ಸಾಲಾಗಿ ಬಡಿಸ್ತಾ ಬರ್ತೇವೆ" ಅಂದರು.

ಒಂದು ಕ್ಷಣ ನಿಜವಾಗಲೂ ಎಲ್ಲರೂ ಸುಮ್ಮನಾದರು. ಒಬ್ಬ ಅಜ್ಜ ಕೂತೂಬಿಟ್ಟ.

ದೋಸೆ ಹೊಯ್ಯುವವನು ಆಮೇಲೆ ಅವರಿಗೆ ಒಂದು ಲೆಕ್ಕ ಹೇಳಿದ. ಕಾವಲಿ ಮೇಲೆ ಒಂದು ಸಲಕ್ಕೆ ಎಂಟು ದೋಸೆ. ಹೊಯ್ದು, ಬೆಂದು, ಮಡಚಿ, ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ ಮತ್ತೆ ಹೊಯ್ಯುವುದಕ್ಕೆ ಮೂರು, ಮೂರೂವರೆ ನಿಮಿಷ. ಇಪ್ಪತ್ತು ನಿಮಿಷದಲ್ಲಿ ಹೆಚ್ಚೆಂದರೆ ಆರು ಸುತ್ತು, ನಲವತ್ತೆಂಟು ದೋಸೆ. ನೂರೈವತ್ತು ಜನರಲ್ಲಿ ನೂರು ಜನ ಮಸಾಲೆ ದೋಸೆ ಕೇಳಿದರೆ ಐವತ್ತೆರಡು ಜನ ಬೈದುಕೊಂಡು ಬಸ್ಸು ಹತ್ತುತ್ತಾರೆ. ಅದಕ್ಕೇ ಬಸ್ಸು ಬಂದ ತಕ್ಷಣ ಸಪ್ಲೈಯರುಗಳು "ದೋಸೆ ಲೇಟ್ ಆಗುತ್ತೆ ಸಾರ್, ಇಡ್ಲಿ-ವಡೆ ಬಿಸಿ ಇದೆ" ಅನ್ನಬೇಕು. ಇಡ್ಲಿ ಆದರೆ ಹನ್ನೆರಡು ನಿಮಿಷಕ್ಕೆ ಒಂದು ಪಾತ್ರೆ ಪೂರ್ತಿ ಇಳಿಯುತ್ತದೆ, ವಡೆ ಮೊದಲೇ ಅರ್ಧ ಕರಿದಿಟ್ಟಿರುತ್ತಾರೆ. ಅವತ್ತು ಇಡ್ಲಿಯೇ ಇರಲಿಲ್ಲವಲ್ಲ!

ಈ ಲೆಕ್ಕ ಗೊತ್ತಿದ್ದೂ, ಕಣ್ಣೆದುರಿಗೆ ಕಾವಲಿ ಕಾಯುತ್ತಿರುವಾಗ ಯಾರಾದರೂ ನನಗೆ "ದೋಸೆ ಲೇಟ್ ಆಗುತ್ತೆ" ಅಂದರೆ ಈಗಲೂ ಮೈ ಉರಿಯುತ್ತದೆ.

ಅದೇ ಗದ್ದಲದಲ್ಲಿ ಒಬ್ಬರು ಹಿಂಬಾಗಿಲಿನಿಂದ ಅಡುಗೆಮನೆಗೇ ನುಗ್ಗಿ "ಭಟ್ರೇ, ಎರಡು ದೋಸೆ, ತುಪ್ಪ ಹಾಕಿ" ಅಂದರು. ದೊಡ್ಡಪ್ಪ, "ಹೊರಗೆ ಕೂತ್ಕೊಳ್ಳಿ, ನೆಂಟರದ್ದು ಆಗ್ಲಿ" ಅಂದರು. ಮದುವೆಗೆ ಬಂದ ವ್ಯಾನಿನವನು ಕೊನೇ ಪಂಕ್ತಿಗೆ ಕೂರುವುದು ಅವರು ಕಂಡ ಪದ್ಧತಿ. ಇವರು ಬಸ್ಸಿನ ಡ್ರೈವರ್. ಮಾಲೀಕರು ಗಲ್ಲಾ ಬಿಟ್ಟು ಓಡಿ ಬಂದ ವೇಗ ನೋಡಬೇಕಿತ್ತು. ಡ್ರೈವರ್, ಕಂಡಕ್ಟರಿಗೆ ಒಳಗೆ ಬೇರೆ ಮೇಜು, ಅವರಿಗೆ ಬಿಲ್ ಇಲ್ಲ, ಅವರ ತಟ್ಟೆ ಎಲ್ಲಕ್ಕಿಂತ ಮೊದಲು. ಯಾಕೆಂದರೆ ಐವತ್ತು ಜನ ನಾಳೆ ಎಲ್ಲಿ ತಿಂಡಿ ತಿನ್ನಬೇಕು ಅಂತ ತೀರ್ಮಾನಿಸುವುದು ಆ ಐವತ್ತು ಜನ ಅಲ್ಲ. ಡ್ರೈವರ್ ಸಾಹೇಬರಿಗೆ ಐದನೇ ಸುತ್ತಿನ ದೋಸೆಯನ್ನು ಮಾಲೀಕರೇ ಕೈಯಾರೆ ಬಡಿಸಿದರು. ದೊಡ್ಡಪ್ಪ ಗೊಣಗಿದರು: "ಎಂತಾ ಮದುವೆ ಮಾರಾಯ ಇದು, ವ್ಯಾನಿನವನೇ ಮದುಮಗ."

ಚಟ್ನಿಯ ವಿಷಯ ಹೇಳಲೇ ಇಲ್ಲ, ಅಲ್ವಾ?

ದೊಡ್ಡಪ್ಪ ಬೆಳಗಿನ ಜಾವ ನಾಲ್ಕಕ್ಕೇ ನಲವತ್ತು ತೆಂಗಿನಕಾಯಿಯ ಚಟ್ನಿ ರುಬ್ಬಿಸಿ ಎರಡು ಬಕೆಟ್ ತುಂಬಿಸಿದ್ದರು. ಮದುವೆಮನೆಯಲ್ಲಿ ಏಳಕ್ಕೆ ತಿಂಡಿ ಶುರು, ಎಂಟೂವರೆಗೆ ಬಕೆಟ್ ತೊಳೆಯುವುದು. ಇಲ್ಲಿ ತಿಂಡಿ ಹನ್ನೊಂದಾದರೂ ಮುಗಿಯುವುದಿಲ್ಲ. ಹತ್ತು ಗಂಟೆಗೆ ಬಕೆಟ್ಟಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣಿಸಿದವು. ನೀರು ಮೇಲೆ ಬಂದು ತಿರುಳು ಕೆಳಗೆ ಕೂತಿತ್ತು. ದೊಡ್ಡಪ್ಪ ಬೆರಳ ತುದಿ ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ನಾಲಿಗೆ ಚುರ್ ಅಂದಿತಂತೆ. ಮಾಲೀಕರು ಇನ್ನೊಂದು ಒಗ್ಗರಣೆ ಕೊಟ್ಟು ಸಾಗಿಸಿ ಅಂದರು. ದೊಡ್ಡಪ್ಪ ಮಾತಾಡದೆ ಎರಡನೇ ಬಕೆಟ್ ಪೂರ್ತಿ ಎತ್ತಿಕೊಂಡು ಹೋಗಿ ಹಿಂದಿನ ಹೊಂಡಕ್ಕೆ ಸುರಿದು ಬಂದರು. ಬಂದು ಗ್ರೈಂಡರ್ ಹುಡುಗನಿಗೆ, "ಇನ್ನು ಮೇಲೆ ಒಂದು ಸಲಕ್ಕೆ ಹತ್ತೇ ಕಾಯಿ. ಮುಗಿದ್ಮೇಲೆ ಮತ್ತೆ ರುಬ್ಬು. ಯಾರಾದ್ರೂ ಕೇಳಿದ್ರೆ ರುಬ್ತಾ ಇದಾರೆ ಅನ್ನು" ಅಂದರು.

ರಾತ್ರಿ ಹನ್ನೊಂದಕ್ಕೆ ಅವರು ಸೊಂಟದ ಟವೆಲ್ ಬಿಚ್ಚಿ, ಕೊನೇ ಪಂಕ್ತಿ ಎದ್ದಿತಾ ಅಂತ ಕೇಳಿದರು. ಹುಡುಗ ಹೊರಗೆ ನೋಡಿ, "ಹುಬ್ಬಳ್ಳಿ ಬಸ್ಸು ಬಂತು ಭಟ್ರೇ" ಅಂದ. ದೊಡ್ಡಪ್ಪ ಟವೆಲ್ ಮತ್ತೆ ಕಟ್ಟಿಕೊಂಡರು.

ಇಷ್ಟು ನೆನಪಾಗುವ ಹೊತ್ತಿಗೆ ನನ್ನ ಎರಡೂ ಇಡ್ಲಿ ಸಾಂಬಾರಿನಲ್ಲೇ ಮುಗಿದಿದ್ದವು. ಆಗ ಹುಡುಗ ಚಟ್ನಿ ಬಟ್ಟಲು ತಂದು ಟಕ್ ಅಂತ ಇಟ್ಟ. ಬೆರಳ ತುದಿ ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಈಗಷ್ಟೇ ರುಬ್ಬಿದ ಕಾಯಿ. ಚುರ್ ಅನ್ನಲಿಲ್ಲ. ಆದರೂ ಟಿಪ್ಸ್ ಇಡಲಿಲ್ಲ.