ಮಂಜೂರಾದ ಸಾಲಕ್ಕೂ ನಡಾವಳಿಯಲ್ಲಿ ಕಾರಣ ಬೇಕು

"ಸಾಲ ಕೊಡಲ್ಲ ಅಂದಾಗ ಮಾತ್ರ ಸಾಲ ಸಮಿತಿ ಸಭೆಯ ನಡಾವಳಿಯಲ್ಲಿ ಕಾರಣ ಬರೆಯಬೇಕು, ಮಂಜೂರಾದರೆ 'ಒಪ್ಪಲಾಗಿದೆ' ಅಂದರೆ ಸಾಕಲ್ವಾ?"

ಸಾಕಾಗಲ್ಲ. ನಾಳೆ ಕಂತು ನಿಂತರೆ ಆಡಿಟರ್ ತೆರೆದು ನೋಡುವುದು ಮಂಜೂರಾದ ಅರ್ಜಿಯ ಪುಟವನ್ನೇ. ಒಂದು ಅರ್ಜಿ ಇದೆ ಅಂದುಕೊಳ್ಳಿ. ಕೇಳಿದ್ದು 10 ಲಕ್ಷ, ಆಧಾರ ಒಂದು ಮನೆ, ಮೌಲ್ಯಮಾಪಕರು ಹೇಳಿದ ಬೆಲೆ 15 ಲಕ್ಷ. ಸಮಿತಿ ಕೊಟ್ಟಿದ್ದು 6 ಲಕ್ಷ. ಇಷ್ಟೇ ಬರೆದಿಟ್ಟರೆ, ಉಳಿದ 4 ಲಕ್ಷ ಯಾಕೆ ಕಡಿತವಾಯಿತು ಅಂತ ಎರಡು ವರ್ಷ ಕಳೆದ ಮೇಲೆ ಆ ಸಭೆಯಲ್ಲಿ ಕೂತವರಿಗೂ ನೆನಪಿರುವುದಿಲ್ಲ. ಬರೆಯಬೇಕಾದ್ದು ಹೀಗೆ: "ಮನೆಯ ಬೆಲೆ ಸಾಕಷ್ಟಿದೆ. ಆದರೆ ತಿಂಗಳ ಆದಾಯದಲ್ಲಿ ಹಳೇ ಸಾಲದ ಕಂತು ಕಳೆದರೆ 6 ಲಕ್ಷದ ಕಂತು ಕಟ್ಟುವಷ್ಟೇ ಉಳಿಯುತ್ತದೆ. ಮನೆ ಜಂಟಿ ಹೆಸರಲ್ಲಿದೆ, ಇನ್ನೊಬ್ಬ ಮಾಲೀಕರೂ ಅಡಮಾನ ಪತ್ರಕ್ಕೆ ಸಹಿ ಹಾಕಿದ ಮೇಲೆ ಹಣ ಬಿಡುಗಡೆ."

ಆ ಕೊನೆಯ ಷರತ್ತು ಬಾಯಿಮಾತಲ್ಲೇ ಉಳಿದರೆ ಸಿಬ್ಬಂದಿ ಸಹಿ ಇಲ್ಲದೆಯೇ ಹಣ ಬಿಡುತ್ತಾರೆ, ವಸೂಲಿಗೆ ಹೋದಾಗ ಆ ಮಾಲೀಕರು "ನನ್ನ ಪಾಲು ನಾನು ಅಡ ಇಟ್ಟೇ ಇಲ್ಲ" ಅಂತ ನಿಲ್ಲುತ್ತಾರೆ. ಇನ್ನು ಎಲ್ಲಾ ಅರ್ಜಿಗೂ 'ಆಧಾರ ಸಾಕಷ್ಟಿದೆ' ಅನ್ನುವ ಒಂದೇ ಸಾಲು ಸುಮ್ನೆ ಕಾಪಿ ಆಗಿದ್ದರೆ, ಕಡತ ಯಾರೂ ಓದಿಲ್ಲ ಅಂತ ಆಡಿಟರ್‌ಗೆ ಅನುಮಾನ ಬಂದೇ ಬರುತ್ತದೆ.