ಅಪ್ಪ ರಾತ್ರಿ ಎದ್ದು ರಾಶಿಗೆ ಕೈ ಹಾಕುತ್ತಿದ್ದದ್ದು ಯಾಕೆ

ಅಪ್ಪನ ಎರಡು ಎಕರೆ ನನ್ನ ಕೈಗೆ ಬಂದ ಮೇಲೆ ಇದು ಮೊದಲ ಸುಗ್ಗಿ. ಮೆಕ್ಕೆಜೋಳ. ಹಳದಿ ರಾಶಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊನೂ ಇದೆ, ಆದರೆ ಅದನ್ನು ಹಾಕುತ್ತಿಲ್ಲ. ಹಾಕಿರುವುದು ಒಂದು ಗಾಜಿನ ಬಾಟಲಿ. ಒಳಗೆ ಒಂದಿಷ್ಟು ಕಾಳು, ಒಂದಿಷ್ಟು ಉಪ್ಪು. ಉಪ್ಪು ಗಾಜಿಗೆ ಅಂಟದೆ ಪುಡಿಪುಡಿಯಾಗಿ ತಳದಲ್ಲಿ ಕೂತಿದೆ ನೋಡಿ. ಈ ವರ್ಷ ನನಗೆ ಅತಿ ಜಾಸ್ತಿ ಸಂತೋಷ ಕೊಟ್ಟದ್ದು ಅದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಹೊಲ ನನ್ನ ಹೆಸರಿಗೆ ಬಂದದ್ದು ಒಂದು ಕಾಗದದಲ್ಲಿ. ಅಳತೆ, ಗಡಿ ಎಲ್ಲ ಅದರಲ್ಲಿತ್ತು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆ ತಡವಾಗಿ ಒಣಗುತ್ತದೆ ಅನ್ನುವುದು ಇರಲಿಲ್ಲ. ಅದು ಅಪ್ಪನ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು.

ಮೆಕ್ಕೆಜೋಳ ಬಲಿತಿದೆಯೋ ಇಲ್ಲವೋ ಅಂತ ನೋಡುವುದು ಕಷ್ಟ ಅಲ್ಲ. ತೆನೆಯ ನಡುಭಾಗದಿಂದ ಒಂದು ಕಾಳು ಬಿಡಿಸಿ, ದಿಂಡಿಗೆ ಅಂಟಿಕೊಂಡಿದ್ದ ಚೂಪು ತುದಿಯನ್ನು ಉಗುರಿನಿಂದ ಕೆರೆಯಬೇಕು. ಅಲ್ಲಿ ಕಪ್ಪು ಪದರ ಕಂಡರೆ ಕಾಳಿಗೆ ಗಿಡದಿಂದ ಊಟ ಬರುವುದು ನಿಂತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಕಾಳು ತುಂಬುವುದಿಲ್ಲ, ಒಣಗುತ್ತದೆ ಅಷ್ಟೆ. ಆದರೆ ಆ ದಿನ ಕಾಳಿನಲ್ಲಿ ಇನ್ನೂ ನೂರಕ್ಕೆ 30ರಿಂದ 35 ಭಾಗ ನೀರಿರುತ್ತದೆ. ಬಿಸಿಲು ಚೆನ್ನಾಗಿದ್ದರೆ ಗಿಡದಲ್ಲೇ ದಿನಕ್ಕೆ ಅರ್ಧದಿಂದ ಒಂದು ಭಾಗ ಇಳಿಯುತ್ತದೆ. ಅಂದರೆ ಕಪ್ಪು ಪದರ ಬಂದ ಮೇಲೂ ಎರಡು ವಾರವಾದರೂ ಕಾಯಬೇಕು.

ಇದೆಲ್ಲ ಗೊತ್ತಿತ್ತು. ಕಾದೆ ಕೂಡ. ತಪ್ಪಿದ್ದು ನೋಡಿದ ಜಾಗದಲ್ಲಿ. ದಿನಾ ಬದುವಿನ ಮೇಲೆ ನಡೆದು ಹೋಗುವಾಗ ಕೈಗೆ ಸಿಕ್ಕ ತೆನೆಗಳನ್ನೇ ಸುಲಿದು ನೋಡುತ್ತಿದ್ದೆ. ಅಂಚಿನ ಗಿಡಗಳಿಗೆ ಗಾಳಿ ಬಿಸಿಲು ಜಾಸ್ತಿ, ಅವು ಮೊದಲು ಒಣಗುತ್ತವೆ. ಹೊಲದ ಕೆಳಗಿನ ತಗ್ಗಿನಲ್ಲಿ ತೇವ ಹೆಚ್ಚು. ಅಲ್ಲಿನ ತೆನೆಗಳಿಗೆ ಇನ್ನೂ ಒಂದು ವಾರ ಬೇಕಿತ್ತು. ಅಪ್ಪ ಆ ತಗ್ಗನ್ನು ಯಾವಾಗಲೂ ಕೊನೆಗೆ ಕೊಯ್ಯುತ್ತಿದ್ದರು. ಕೂಲಿಯವರು ಸಾಲದೆ ಬಿಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಒಂದೇ ದಿನಕ್ಕೆ ಎಲ್ಲ ಮುರಿಸಿದೆ. ಮರುದಿನವೇ ಒಕ್ಕುವ ಮಿಷನ್ ಸಿಕ್ಕಿತು, ಮೋಡವೂ ಇತ್ತು. ತೆನೆ ಹಾಗೇ ಇಟ್ಟರೆ ಜಾಗ ಸಾಲುವುದಿಲ್ಲ ಅಂತ ಒಕ್ಕಿಸಿಯೇ ಬಿಟ್ಟೆ. ಇದು ಎರಡನೇ ತಪ್ಪು. ಹಸಿ ಕಾಳು ಮಿಷನ್ನಿಗೆ ಬಿದ್ದರೆ ಸಿಪ್ಪೆ ಸೀಳುತ್ತದೆ, ತುದಿ ಮುರಿಯುತ್ತದೆ. ಹಾಗೆ ಗಾಯವಾದ ಕಾಳೇ ಬೂಷ್ಟಿಗೆ ಬಾಗಿಲು. ತೆನೆಯನ್ನು ದಿಂಡಿನ ಸಮೇತ ಗಾಳಿಯಾಡುವ ಕಡೆ ನಾಲ್ಕೈದು ದಿನ ಹರಡಿದ್ದರೂ ಸಾಕಿತ್ತು.

ಒಕ್ಕಿದ ಮೇಲೆ ತೂಗಿದರೆ 30 ಕ್ವಿಂಟಲ್. ಅಮ್ಮನಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಮೀಟರಿನಲ್ಲಿ ಬೇರೆ ಬೇರೆ ಚೀಲದ ಕಾಳು ನೋಡಿದರೆ ತೇವಾಂಶ ಸರಾಸರಿ ನೂರಕ್ಕೆ 22. ತಗ್ಗಿನ ಕಡೆಯ ಚೀಲಗಳು 26 ತೋರಿಸಿದವು. ಅವನ್ನಾದರೂ ಬೇರೆ ಇಡಬೇಕಿತ್ತು. ಎಲ್ಲ ಒಟ್ಟಿಗೆ ಸುರಿದೆ.

ಸಂಜೆಗೆ ಮಳೆ ಬಂತು. ರಾಶಿ ಒಟ್ಟುಮಾಡಿ, ಮೇಲೆ ಟಾರ್ಪಾಲು ಎಳೆದು, ಸುತ್ತಲೂ ಕಲ್ಲಿಟ್ಟು ಗಾಳಿ ಸೇರದ ಹಾಗೆ ಮುಚ್ಚಿದೆ. ಒಂದು ಹನಿ ನೀರೂ ಒಳಗೆ ಹೋಗಲಿಲ್ಲ. ಎರಡು ರಾತ್ರಿ, ಒಂದು ಹಗಲು ಹಾಗೇ ಇತ್ತು. ಚೆನ್ನಾಗಿ ಕಾಪಾಡಿದೆ ಅಂತಲೇ ಅಂದುಕೊಂಡಿದ್ದೆ.

ಮೂರನೇ ದಿನ ಬೆಳಿಗ್ಗೆ ಟಾರ್ಪಾಲು ಎತ್ತಿದರೆ ಅದರ ಒಳಮೈ ತುಂಬಾ ನೀರ ಹನಿ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಮೇಲೆ ತಣ್ಣಗಿತ್ತು, ಒಂದು ಗೇಣು ಒಳಗೆ ಬೆಚ್ಚಗಾಯಿತು, ಅದರ ಕೆಳಗೆ ಜ್ವರ ಬಂದ ಮೈ ಮುಟ್ಟಿದ ಹಾಗೆ ಬಿಸಿ. ಬೆರಳಿಗೆ ಕಾಳುಗಳು ಉಂಡೆಯಾಗಿ ಸಿಕ್ಕವು.

ಆ ಕ್ಷಣಕ್ಕೆ ಅಪ್ಪ ಕಣ್ಣ ಮುಂದೆ ಬಂದರು. ನಾನು ಚಿಕ್ಕವನಿದ್ದಾಗ ಸುಗ್ಗಿಯ ದಿನಗಳಲ್ಲಿ ಅವರು ರಾತ್ರಿ ಎದ್ದು ಹೋಗಿ, ತೋಳು ಮಡಿಸಿ, ರಾಶಿಯೊಳಗೆ ಕೈ ಇಳಿಸಿ ಸುಮ್ನೆ ಕೂತಿರುತ್ತಿದ್ದರು. ಬೆಳೆ ಮೇಲಿನ ಪ್ರೀತಿಗೆ ಹಾಗೆ ಮಾಡುತ್ತಾರೆ ಅಂತ ಇಷ್ಟು ವರ್ಷ ನಂಬಿದ್ದೆ. ಪ್ರೀತಿ ಇದ್ದೇ ಇತ್ತು. ಆದರೆ ಅವರು ರಾಶಿಯ ಜ್ವರ ನೋಡುತ್ತಿದ್ದರು.

ಕಾಳು ಸತ್ತ ವಸ್ತು ಅಲ್ಲ. ಅದು ಉಸಿರಾಡುತ್ತದೆ. ತೇವ ಹೆಚ್ಚಿದ್ದಷ್ಟೂ ಜೋರಾಗಿ ಉಸಿರಾಡುತ್ತದೆ, ಆಗ ಬಿಸಿಯೂ ಹುಟ್ಟುತ್ತದೆ, ನೀರಾವಿಯೂ ಹುಟ್ಟುತ್ತದೆ. ಗಾಳಿಯಾಡಿದರೆ ಎರಡೂ ಹೊರಗೆ ಹೋಗುತ್ತವೆ. ಮುಚ್ಚಿಟ್ಟರೆ ಒಳಗೇ ಸುತ್ತುತ್ತವೆ. ಆ ಬೆಚ್ಚಗಿನ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟೂ ಉಸಿರಾಡುತ್ತದೆ, ಬಿಸಿ ಇನ್ನೂ ಏರುತ್ತದೆ. ನಾನು ಮಳೆ ನೀರನ್ನು ಹೊರಗಿಟ್ಟೆ, ಕಾಳಿನದೇ ನೀರನ್ನು ಒಳಗೆ ಕೂಡಿಹಾಕಿದೆ.

ಕೆಟ್ಟ ಭಾಗವನ್ನು ಅಮ್ಮ, ನಾನು ಕೂತು ಬೇರೆ ಮಾಡಿದೆವು. ಉಂಡೆಗಟ್ಟಿದ್ದು, ಬಣ್ಣ ಹೋಗಿದ್ದು, ಹಸಿರು ಪುಡಿ ಕಂಡದ್ದು, ಅದರ ಸುತ್ತಲಿನ ಒಂದು ಗೇಣಿನಷ್ಟೂ ಸೇರಿ ಒಂದೂವರೆ ಕ್ವಿಂಟಲ್. "ತೊಳೆದು ಒಣಗಿಸಿ ಹಸುಗೆ ಹಾಕೋಣ ಕಣೋ, ಅಷ್ಟೊಂದು ಯಾಕೆ ಬಿಸಾಡ್ತೀಯ" ಅಂತ ಅಮ್ಮ ಅಂದರು. ನೋಡಲು ಬಂದ ಒಬ್ಬರು, ಒಳ್ಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದರು.

ಎರಡಕ್ಕೂ ಒಪ್ಪಲಿಲ್ಲ. ಈ ಮಾತಿನಲ್ಲಿ ನಾನು ಗಟ್ಟಿ. ಮೆಕ್ಕೆಜೋಳಕ್ಕೆ, ಕಡಲೆಕಾಯಿಗೆ ಬರುವ ಹಸಿರು ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವುದೊಂದಿದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕಿದಾಗ ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಸಿಕ್ಕಿದ್ದು ಇದೇ ವಿಷ. ಅದು ಯಕೃತ್ತನ್ನು ಹಾಳುಮಾಡುತ್ತದೆ. ತೊಳೆದರೆ ಬೂಷ್ಟಿನ ಪುಡಿ ಹೋಗಬಹುದು, ಕಾಳಿನೊಳಗೆ ಇಳಿದ ವಿಷ ಹೋಗುವುದಿಲ್ಲ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಸು ತಿಂದರೆ ಅದರ ಒಂದು ಪಾಲು ಹಾಲಿಗೆ ಬರುತ್ತದೆ. ಆ ಹಾಲು ಕುಡಿಯುವವರು ನಮ್ಮ ಮನೆಯ ಮಕ್ಕಳೇ ಇರಲಿ, ಬೇರೆಯವರ ಮಕ್ಕಳೇ ಇರಲಿ, ನನಗೆ ಎರಡೂ ಒಂದೇ. ಗುಂಡಿ ತೋಡಿ ಮುಚ್ಚಿದೆ. ಮಣ್ಣು ಎಳೆಯುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಉಳಿದದ್ದು ಇಪ್ಪತ್ತೆಂಟೂವರೆ ಕ್ವಿಂಟಲ್. ಆಮೇಲೆ ಮಾಡಿದ್ದೆಲ್ಲ ಒಣಗಿಸುವ ಕೆಲಸ. ಟಾರ್ಪಾಲಿನ ಮೇಲೆ ನಾಲ್ಕು ಬೆರಳಿಗಿಂತ ದಪ್ಪ ಆಗದ ಹಾಗೆ ಹರಡಿದೆವು. ಅರ್ಧ ಗಂಟೆಗೊಮ್ಮೆ, ಹೆಚ್ಚೆಂದರೆ ಗಂಟೆಗೊಮ್ಮೆ ಕಾಲಲ್ಲಿ ಸಾಲು ಎಳೆದು ತಿರುವಿದೆವು. ಸಂಜೆ ಒಟ್ಟುಮಾಡುವ ಮೊದಲು ಕಾಳು ತಣ್ಣಗಾಗಲು ಬಿಟ್ಟೆವು. ಬಿಸಿಲು ಕುಡಿದ ಕಾಳನ್ನು ಹಾಗೇ ಮುಚ್ಚಿದರೆ ರಾತ್ರಿ ಟಾರ್ಪಾಲಿನ ಅಡಿ ಬೆವರುತ್ತದೆ, ಹಗಲು ಹೋದ ತೇವದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ.

ಒಣಗಿತೋ ಇಲ್ಲವೋ ಅಂತ ನೋಡಲು ಮೀಟರ್ ದಿನಾ ಸಿಗುವುದಿಲ್ಲ ಅಲ್ವಾ. ಅದಕ್ಕೇ ಈ ಬಾಟಲಿ. ಬಾಟಲಿ, ಮುಚ್ಚಳ, ಉಪ್ಪು ಮೂರೂ ಪೂರ್ತಿ ಒಣಗಿರಬೇಕು, ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ. ಬಾಟಲಿಯ ಮೂರನೇ ಒಂದು ಭಾಗ ಕಾಳು, ಅದಕ್ಕೆ ಎರಡು ಮೂರು ಚಮಚ ಉಪ್ಪು. ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಇನ್ನೂ 15ಕ್ಕಿಂತ ಜಾಸ್ತಿ. ಅಂಟದಿದ್ದರೆ 15ರ ಕೆಳಗೆ ಬಂದಿದೆ. ಇದು ಅಷ್ಟೇ ಹೇಳುತ್ತದೆ. ತಿಂಗಳುಗಟ್ಟಲೆ ಚೀಲದಲ್ಲಿ ಇಡಲು 13 ಬೇಕು. ಅದಕ್ಕೆ ಬಾಟಲಿ ಪಾಸಾದ ಮೇಲೂ ಎರಡು ದಿನ ಒಣಗಿಸಿದೆ. ಬೇರೆ ಬೇರೆ ಕಡೆಯಿಂದ ಕಾಳು ತೆಗೆದು ನೋಡಿದೆ, ಈ ಸಲ ಅಂಚಿನದು ಮಾತ್ರ ಅಲ್ಲ.

ಕೊನೆಗೆ ತೂಗಿದಾಗ ಅಮ್ಮ ಗಾಬರಿಯಾದರು. ಇಪ್ಪತ್ತೆಂಟೂವರೆ ಇದ್ದದ್ದು 25 ಕ್ವಿಂಟಲ್ 30 ಕಿಲೊ ಆಗಿತ್ತು. ಕದ್ದವರು ಯಾರೂ ಇಲ್ಲ, ಲೆಕ್ಕ ಹೀಗಿದೆ. 22 ತೇವಾಂಶದ ನೂರು ಕಿಲೊದಲ್ಲಿ 22 ಕಿಲೊ ನೀರು, 78 ಕಿಲೊ ಕಾಳಿನ ಒಣ ಭಾಗ. ಆ 78 ಎಲ್ಲೂ ಹೋಗುವುದಿಲ್ಲ. 13ಕ್ಕೆ ಒಣಗಿದಾಗ ಅದು ಒಟ್ಟು ತೂಕದ ನೂರಕ್ಕೆ 87 ಭಾಗ ಆಗುತ್ತದೆ. 78ನ್ನು 87ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 89 ಕಿಲೊ 650 ಗ್ರಾಂ. 22ರಲ್ಲಿ 13 ಕಳೆದು 9 ಕಿಲೊ ಹೋಯಿತು ಅನ್ನುವುದು ತಪ್ಪು, ಹೋಗುವುದು ಹತ್ತಕ್ಕಿಂತ ಸ್ವಲ್ಪ ಹೆಚ್ಚು. ಹಾಗೆ ನೋಡಿದರೆ ನನಗೆ 25 ಕ್ವಿಂಟಲ್ 55 ಕಿಲೊ ಸಿಗಬೇಕಿತ್ತು. ಆ 25 ಕಿಲೊ ಕಸ, ನುಚ್ಚು, ಕೇರುವಾಗ ಹಾರಿಹೋದ ಜಳ್ಳು.

ಅಂದರೆ ಮೊದಲ ದಿನ ತೂಗಿದ 30 ಕ್ವಿಂಟಲಿನಲ್ಲಿ ಮೂರು ಕ್ವಿಂಟಲ್ ಒಣಗಿ ಹೋಗಬೇಕಿದ್ದ ನೀರೇ ಇತ್ತು. ಆ ರಾಶಿಯ ಮುಂದೆ ನಿಂತ ಫೋಟೊ ಹಾಕಲು ಮನಸ್ಸು ಬಾರದಿರುವುದು ಇದಕ್ಕೇ.

ಅಪ್ಪ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ಕು ಇದೆ. ಪ್ರತಿ ಸುಗ್ಗಿಗೂ ಒಂದೇ ಸಾಲು, ಬೆಳೆ ಮತ್ತು ತೂಕ. ಅದೂ ಒಣಗಿದ ಮೇಲಿನ ತೂಕ, ಅದು ಈಗ ಅರ್ಥವಾಯಿತು. ಅದರ ಕೆಳಗೆ 25 ಕ್ವಿಂಟಲ್ 30 ಕಿಲೊ ಅಂತ ನನ್ನ ಕೈಬರಹದಲ್ಲಿ ಬರೆದೆ. ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ: "ಕೆಳಗಿನ ತಗ್ಗು ಒಂದು ವಾರ ತಡವಾಗಿ ಕೊಯ್ಯಬೇಕು, ಬೇರೆ ಒಣಗಿಸಬೇಕು."

ನಿನ್ನೆ ರಾತ್ರಿ ಎದ್ದು ಚೀಲಗಳ ನಡುವೆ ಕೈ ಇಟ್ಟು ನೋಡಿದೆ. ತಣ್ಣಗಿವೆ.