ಸ್ಪಷ್ಟನೆ: ಮಿಡತೆಯನ್ನು ನೀರಿಗಿಳಿಸುವ ಕೂದಲುಹುಳು

ಮಿಡತೆಯಂಥ ಕೀಟಗಳ ಒಡಲಲ್ಲಿ ಬೆಳೆಯುವ, ಕೂದಲೆಳೆಯಂಥ ಪರಾವಲಂಬಿ ಹುಳುವಿನ ಬಗ್ಗೆ ಹೀಗೊಂದು ಸಂದೇಶ ಹರಿದಾಡುತ್ತಿದೆ: ‘ಕೂದಲುಹುಳು ಮಿಡತೆಯ ಮೆದುಳು ಹೊಕ್ಕು ಅದನ್ನು ನೀರಿಗೆ ಹಾರಿಸುತ್ತದೆ. ಇದರಿಂದ ಹೊಳೆಯ ಮೀನುಗಳೂ ನಾಶ. ಎಲ್ಲರಿಗೂ ಕಳಿಸಿ.’

ಮಿಡತೆ ನೀರಿಗೆ ಬೀಳುವುದು ನಿಜ, ಉಳಿದದ್ದು ತಪ್ಪು. ಹುಳು ಬೆಳೆಯುವುದು ಮೆದುಳಿನಲ್ಲಲ್ಲ, ಹೊಟ್ಟೆಯ ಒಳಗಿನ ಪೊಳ್ಳಿನಲ್ಲಿ. ಮೆದುಳಿನ ಪ್ರೋಟೀನುಗಳು ಬದಲಾಗುತ್ತವೆ, ಆದರೆ ಹುಳು ಅಲ್ಲಿಗೆ ಹೋಗುವುದಿಲ್ಲ. ಬಲಿತ ಹುಳುವಿಗೆ ಸಂಗಾತಿ ಸಿಗುವುದು ನೀರಿನಲ್ಲಿ ಮಾತ್ರ. ಮಿಡತೆ ನೀರಿಗೆ ಬಿದ್ದ ಕೂಡಲೇ ಅದು ಹಿಂಬದಿಯಿಂದ ಹೊರಬರುತ್ತದೆ. ಇದರ ವಿಡಿಯೊಗಳಲ್ಲಿ ಕಾಣುವುದು ಈ ಕ್ಷಣವೇ.

ಮೀನಿನ ಮಟ್ಟಿಗಂತೂ ಸಂದೇಶ ತಲೆಕೆಳಗಾಗಿದೆ. ಜಪಾನಿನ ಕಾಡುಹೊಳೆಯೊಂದರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟ್ರೌಟ್ ಜಾತಿಯ ಮೀನುಗಳು ವರ್ಷದಲ್ಲಿ ಪಡೆಯುವ ಶಕ್ತಿಯ ಸುಮಾರು 60 ಶೇಕಡಾ ಇಂಥ ಮಿಡತೆಗಳಿಂದಲೇ ಬಂದಿತ್ತು. ಆಮೇಲಿನ ಇನ್ನೊಂದು ಪ್ರಯೋಗದಲ್ಲಿ ಮಿಡತೆಗಳು ನೀರಿಗೆ ಬೀಳುವುದನ್ನು ತಡೆದು ನೋಡಿದಾಗ ಮೀನುಗಳು ತಳದ ಕೀಟಗಳ ಮೇಲೆ ಮುಗಿಬಿದ್ದವು. ಕೀಟಗಳು ಕಡಿಮೆಯಾದಂತೆ ಪಾಚಿ ಹೆಚ್ಚಿತು, ಉದುರೆಲೆ ಕೊಳೆಯುವುದು ನಿಧಾನವಾಯಿತು. ಮಿಡತೆಯ ಪಾಲಿಗೆ ಕೇಡು, ಹೊಳೆಯ ಪಾಲಿಗೆ ಊಟ! ಇದು ಒಂದೇ ಬಗೆಯ ಹೊಳೆಯ ಲೆಕ್ಕ, ಎಲ್ಲ ಕಡೆಗೂ 60 ಎಂದು ಹೇಳಲಾಗದು.

ಮೀನು ಈ ಹುಳು ಬಲಿಯುವ ಆತಿಥೇಯವೂ ಅಲ್ಲ. ಮಿಡತೆಯ ಜೊತೆ ನುಂಗಲ್ಪಟ್ಟ ಹುಳು ಕೆಲವೊಮ್ಮೆ ಮೀನಿನ ಕಿವಿರಿನಿಂದ ಜೀವಂತ ನುಸುಳಿ ಹೊರಬರುತ್ತದೆ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.